ಟಿಕೆಟ್ ಹಿಂದೆ ಬರೆದ ಬಾಕಿ

ಮಳೆಗಾಲದ ಒಂದು ಸೋಮವಾರ ಬೆಳಗ್ಗೆ ನಾವು ಮೂವರು ನಮ್ಮೂರಿನಿಂದ ಹಾವೇರಿಗೆ ಹೋಗುವ ಏಳೂವರೆ ಬಸ್ಸು ಹತ್ತಿದೆವು. ಮೂವರು ಅಂದರೆ ಇಬ್ಬರು ಹುಡುಗರು, ಒಬ್ಬಳು ಗೆಳತಿ. ಆ ಬಸ್ಸು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪಾಸಿನ ಹುಡುಗರು ಬಾಗಿಲಲ್ಲಿ ಜೋತುಬಿದ್ದಿರುತ್ತಾರೆ, ಮುಂದಿನ ಸೀಟುಗಳ ತುಂಬ ಹೆಣ್ಣುಮಕ್ಕಳು, ಕಾಲಿಗೆ ಒಂದು ಕಾಯಿಪಲ್ಲೆ ಚೀಲ, ತಲೆಗೆ ಒಂದು ಹಸಿ ಕೊಡೆ. ಇವೆಲ್ಲದರ ನಡುವೆ ಕಂಡಕ್ಟರ್ ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ತೂರಿಕೊಂಡು ಓಡಾಡುತ್ತಿರುತ್ತಾರೆ.

ಅವತ್ತು ಆ ಬಸ್ಸಿನಲ್ಲಿ ನೂರು ರೂಪಾಯಿಯ ಒಂದು ಜಗಳ ಆಯಿತು. ಜಗಳ ಅನ್ನುವುದೂ ತಪ್ಪು, ಯಾರೂ ಕೂಗಾಡಲಿಲ್ಲ. ಆದರೆ ಅದು ಮುಗಿದ ರೀತಿ ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇವೆ.

ನಮ್ಮ ಸ್ಟಾಪಿನಲ್ಲಿ ನಮಗಿಂತ ಮುಂದೆ ಒಬ್ಬ ಅಜ್ಜ ಹತ್ತಿದರು. ಎಪ್ಪತ್ತು ದಾಟಿದ ವಯಸ್ಸು, ಧೋತರ, ತಲೆಗೆ ಟೋಪಿ, ಹೆಗಲಿಗೆ ಟವೆಲ್. ಅವರ ಹಿಂದೆ ನಾವು. ನಮ್ಮ ಗೆಳತಿ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ ಕೂತಳು. ಹುಡುಗರಿಬ್ಬರು ಬಾಗಿಲ ಹತ್ತಿರವೇ ನಿಂತೆವು. ಕಂಡಕ್ಟರ್ ಬಂದು, "ಎಲ್ಲಿಗ್ರಿ?" ಅಂದರು. ಅಜ್ಜ "ಹಾವೇರಿ ಒಂದು" ಅಂತ ನೋಟು ಚಾಚಿದರು. ಅದೇ ಹೊತ್ತಿಗೆ ನಮ್ಮಲ್ಲೊಬ್ಬ ಅಜ್ಜನ ಹೆಗಲ ಮೇಲಿಂದ ಕೈ ಚಾಚಿ, "ಹಾವೇರಿ ಎರಡು, ಮುಂದ ಒಂದು ಶಕ್ತಿ ಐತ್ರಿ" ಅಂತ ಇನ್ನೊಂದು ನೋಟು ಕೊಟ್ಟ. ಕಂಡಕ್ಟರ್ ಎರಡನ್ನೂ ಎಡಗೈಯ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬಲಗೈಯಲ್ಲಿ ಮಷೀನು ಒತ್ತತೊಡಗಿದರು.

ಹಾವೇರಿಗೆ ಒಬ್ಬರಿಗೆ 42 ರೂಪಾಯಿ. ಅಜ್ಜನದು ಒಂದು ಟಿಕೆಟ್, 42. ನಮ್ಮದು ಎರಡು ಟಿಕೆಟ್, 84. ಗೆಳತಿಯದು ಶಕ್ತಿ ಯೋಜನೆಯ ಟಿಕೆಟ್. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆದರೂ ಕಂಡಕ್ಟರ್ ಟಿಕೆಟ್ ಹರಿದು ಕೊಡಲೇಬೇಕು. ದುಡ್ಡು ಬರದಿದ್ದರೂ ಅವರ ಕೈಗೆ ಕೆಲಸ ತಪ್ಪಿದ್ದಲ್ಲ.

ಕೊಡಲು ಚಿಲ್ಲರೆ ಇರಲಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಯಾವ ಕಂಡಕ್ಟರ್ ಹತ್ತಿರವೂ ಹೆಚ್ಚು ಚಿಲ್ಲರೆ ಇರುವುದಿಲ್ಲ. ಅವರು ಮೇಲಿನ ಜೇಬಿನಿಂದ ಪೆನ್ನು ತೆಗೆದು ಟಿಕೆಟ್ ಹಿಂದೆ ಬಾಕಿ ಬರೆದು, ಸುತ್ತಲೂ ಒಂದು ಗೀರು ಹಾಕಿ, "ಮುಂದ ಕೊಡ್ತೀನ್ರಿ" ಅಂದು ಹೋದರು. ನಾವು ಹಿಂದಿನವರು ನಮ್ಮ ಟಿಕೆಟ್ಟುಗಳನ್ನು ನೋಡದೆಯೇ ಕೈಯಿಂದ ಕೈಗೆ ದಾಟಿಸಿ ಮುಂದೆ ಕೂತ ಗೆಳತಿಗೆ ತಲುಪಿಸಿದೆವು. ಅವಳ ಹತ್ತಿರ ಪರ್ಸು ಇತ್ತು, ಕೂರಲು ಸೀಟೂ ಇತ್ತು. ಚಿಲ್ಲರೆ ಅವಳೇ ಇಸಿದುಕೊಳ್ಳಲಿ ಅಂತ ನಮ್ಮ ಲೆಕ್ಕ.

ಇಲ್ಲಿಯವರೆಗೆ ನಡೆದದ್ದರಲ್ಲಿ ಯಾರಿಗೂ ಏನೂ ತಪ್ಪು ಕಾಣುವುದಿಲ್ಲ. ನಮಗೂ ಕಂಡಿರಲಿಲ್ಲ.

ಅರ್ಧ ದಾರಿಯಲ್ಲಿ ಒಂದು ಕ್ರಾಸ್ ಬರುತ್ತದೆ. ಅಲ್ಲಿ ಹತ್ತು, ಹದಿನೈದು ರೂಪಾಯಿ ಟಿಕೆಟ್ಟಿನವರು ಬಹಳ ಮಂದಿ ಹತ್ತಿ ಇಳಿಯುತ್ತಾರೆ. ಅವರಿಂದ ಹತ್ತರ, ಇಪ್ಪತ್ತರ ನೋಟು ಸಿಕ್ಕಮೇಲೆ ಕಂಡಕ್ಟರ್ ಬಾಕಿ ತೀರಿಸಲು ಶುರುಮಾಡಿದರು. ಟಿಕೆಟ್ ಇಸಿದುಕೊಂಡು ಹಿಂದೆ ತಿರುಗಿಸುವುದು, ಬರೆದ ಅಂಕಿ ನೋಡುವುದು, ದುಡ್ಡು ಎಣಿಸಿ ಕೊಡುವುದು, ಅಂಕಿಯ ಮೇಲೆ ಅಡ್ಡಗೆರೆ ಎಳೆಯುವುದು. ಅಡ್ಡಗೆರೆ ಬಿದ್ದರೆ ಬಾಕಿ ತೀರಿತು ಅಂತ ಅರ್ಥ. ಗೆಳತಿಗೂ ಕೊಟ್ಟರು, ಅವಳು ಪರ್ಸಿನಲ್ಲಿ ಹಾಕಿಕೊಂಡಳು. ಅಜ್ಜನಿಗೂ ಕೊಟ್ಟರು.

ಅಜ್ಜ ಆಗ ನಿಂತಿದ್ದರು. ನಿಂತು ದುಡ್ಡು ಎಣಿಸುವುದು ಆ ವಯಸ್ಸಿನಲ್ಲಿ ಆಗದ ಮಾತು, ಒಂದು ಕೈ ಕಂಬಿ ಹಿಡಿಯಲೇಬೇಕು. ಅವರು ದುಡ್ಡನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು. ಹತ್ತು ನಿಮಿಷದ ಮೇಲೆ ಒಂದು ಸೀಟು ಸಿಕ್ಕಿತು. ಕೂತು, ಮುಷ್ಟಿ ಬಿಚ್ಚಿ, ಒಂದೊಂದೇ ನೋಟನ್ನು ತೊಡೆಯ ಮೇಲಿಟ್ಟು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಕಂಡಕ್ಟರನ್ನು ಕರೆದರು.

"ತಮ್ಮಾ, ಇದರಾಗ ಐವತ್ತೆಂಟು ಐತಿ. ನಾ ಇನ್ನೂರು ಕೊಟ್ಟೇನಿ."

ಕಂಡಕ್ಟರ್ ಟಿಕೆಟ್ ಇಸಿದುಕೊಂಡು ತಿರುಗಿಸಿದರು. ಹಿಂದೆ 58 ಅಂತ ಬರೆದು ಅಡ್ಡಗೆರೆ ಎಳೆದಿತ್ತು.

"ಅಜ್ಜಾರ, ನೀವು ನೂರು ಕೊಟ್ಟೀರಿ. ನಲವತ್ತೆರಡು ಹೋದ್ರ ಐವತ್ತೆಂಟು. ಬರದೀನಲ್ರಿ ಇಲ್ಲಿ."

"ಬರದಾಂವ ನೀನ ಅಲ್ಲೇನೋ ತಮ್ಮಾ. ನಾ ಕೊಟ್ಟದ್ದು ಇನ್ನೂರು. ಮನ್ಯಾಗ ಇದ್ದದ್ದ ಅದೊಂದು ನೋಟು."

ಆ ದುಡ್ಡಿನ ಹಿಂದೆ ಏನಿತ್ತು ಅನ್ನುವುದು ಮಾತಿನ ನಡುವೆ ಗೊತ್ತಾಯಿತು. ಅವರ ಎಮ್ಮೆಯ ಕರುವಿಗೆ ಜಂತು ಆಗಿತ್ತು. ಹಾವೇರಿಯಲ್ಲಿ ಔಷಧ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸ್ ಬರಬೇಕಿತ್ತು. ಕೈಯಲ್ಲಿರುವ 58ರಲ್ಲಿ ವಾಪಸ್ ಬರುವ ಟಿಕೆಟ್ಟಿಗೇ 42 ಬೇಕು. ಉಳಿಯುವುದು 16 ರೂಪಾಯಿ. ಅಷ್ಟಕ್ಕೆ ಔಷಧ ಎಲ್ಲಿ ಬರುತ್ತದೆ?

ಈಗ ಬಸ್ಸಿನ ಮಂದಿಯೆಲ್ಲ ಈ ಕಡೆ ತಿರುಗಿದರು. ಒಬ್ಬರು "ಕೊಟ್ಟು ಬಿಡ್ರಿ ಸಾಹೇಬ್ರ, ಮುದುಕ ಮನಷಾ" ಅಂದರು. ಇನ್ನೊಬ್ಬರು "ವಯಸ್ಸಾದ ಮ್ಯಾಲ ಮರವು ಬರ್ತದ ಬಿಡ್ರಿ" ಅಂದರು. ಕಂಡಕ್ಟರ್ ಎರಡನ್ನೂ ಕೇಳಿಸಿಕೊಳ್ಳಲಿಲ್ಲ. ತಮ್ಮ ಸೀಟಿಗೆ ಹೋಗಿ ಕೂತು, ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಎಣಿಸೇ ನೋಡ್ತೀನ್ರಿ ಅಜ್ಜಾರ. ನಿಮ್ಮ ನೂರು ನನ್ನ ಚೀಲದಾಗ ಇದ್ರ ಹೆಚ್ಚು ಬರಬೇಕು" ಅಂದರು.

ಅವರು ಮಾಡಿದ ಲೆಕ್ಕವನ್ನು ನಿಮಗೂ ಬಿಡಿಸಿ ಹೇಳುತ್ತೇವೆ. ಕಂಡಕ್ಟರ್ ಚೀಲದಲ್ಲಿ ಎಷ್ಟು ದುಡ್ಡು ಇರಬೇಕು ಅನ್ನುವುದನ್ನು ಅವರು ಯಾವ ಹೊತ್ತಿಗೂ ಹೇಳಬಲ್ಲರು, ಹೇಳಲೇಬೇಕು. ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ಟಿಕೆಟ್ ಮಾತ್ರ ನೋಡುವುದಿಲ್ಲ, ಚೀಲವನ್ನೂ ಎಣಿಸಬಹುದು. ಕಡಿಮೆ ಬಂದರೂ ತಪ್ಪು, ಹೆಚ್ಚು ಬಂದರೂ ತಪ್ಪು. ಹೆಚ್ಚು ದುಡ್ಡಿದ್ದರೆ ಯಾರಿಗೋ ಟಿಕೆಟ್ ಕೊಡದೆ ದುಡ್ಡು ಇಸಿದುಕೊಂಡಿದ್ದಾರೆ ಅನ್ನುವ ಅನುಮಾನ ಬರುತ್ತದೆ. ಅದಕ್ಕೇ ಕಂಡಕ್ಟರ್ ಡ್ಯೂಟಿಗೆ ಬರುವಾಗ ತನ್ನ ಸ್ವಂತ ದುಡ್ಡು ಎಷ್ಟಿದೆ ಅನ್ನುವುದನ್ನೂ ವೇ ಬಿಲ್ಲಿನಲ್ಲಿ ಮೊದಲೇ ಬರೆದಿರಬೇಕು.

ಅವತ್ತು ಅವರು ಬರೆದಿದ್ದ ಸ್ವಂತ ದುಡ್ಡು 200. ಮಷೀನಿನಲ್ಲಿ ಆ ಹೊತ್ತಿನವರೆಗಿನ ಟಿಕೆಟ್ ಮೊತ್ತ 1,412. ಅದರಲ್ಲಿ ಫೋನಿನಿಂದ ಕಟ್ಟಿದವರದು 336, ಆ ದುಡ್ಡು ಚೀಲಕ್ಕೆ ಬರುವುದಿಲ್ಲ. ಅದನ್ನು ಕಳೆದರೆ ಉಳಿಯುವುದು 1,076. ಇದಕ್ಕೆ ಸ್ವಂತ 200 ಸೇರಿದರೆ 1,276. ಇನ್ನೂ ಬಾಕಿ ಕೊಡದೆ ಉಳಿದವರು ಇಬ್ಬರಿದ್ದರು. ಒಬ್ಬರಿಗೆ 8, ಇನ್ನೊಬ್ಬರಿಗೆ 30. ಆ 38 ರೂಪಾಯಿ ಪ್ರಯಾಣಿಕರದು, ಆದರೆ ಇರುವುದು ಚೀಲದಲ್ಲಿ. ಅದನ್ನೂ ಸೇರಿಸಿದರೆ ಒಟ್ಟು 1,314 ಇರಬೇಕು.

ಎಣಿಸಿದರು. 1,314 ಇತ್ತು.

"ಚೀಲ ಸರಿ ಐತ್ರಿ ಅಜ್ಜಾರ. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿ ಇಲ್ಲ."

ಬಸ್ಸಿನೊಳಗೆ ಎಲ್ಲರಿಗೂ ಸಮಾಧಾನ ಆಯಿತು. ಕಂಡಕ್ಟರ್ ಪ್ರಾಮಾಣಿಕ, ಲೆಕ್ಕ ಕಣ್ಣೆದುರಿಗೇ ಇದೆ. ನಾವು ಹಿಂದೆ ನಿಂತವರು ಆ ಲೆಕ್ಕವನ್ನು ಬಾಯಲ್ಲೇ ಕೂಡಿಸಿ ನೋಡಿದ್ದೆವು, ಸರಿಯಾಗಿಯೇ ಇತ್ತು. ಆಗ ನಮ್ಮಲ್ಲೊಬ್ಬ ಬಾಯಿ ಹಾಕಿದ. "ಅಜ್ಜಾರ, ಲೆಕ್ಕ ತಾಳೆ ಆಗೇತಿ. ನೀವು ನೂರ ಕೊಟ್ಟಿರಬೇಕು ಬಿಡ್ರಿ." ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಓದಿದವರು ನಾವು, ಲೆಕ್ಕ ಅರ್ಥವಾಗಿದೆ, ಅಜ್ಜನಿಗೂ ತಿಳಿಸಿ ಹೇಳೋಣ ಅನ್ನುವ ಧಾಟಿ ಇತ್ತು ಅದರಲ್ಲಿ. ಆ ಧಾಟಿ ನೆನೆದರೆ ಈಗ ಮೈ ಬೆಚ್ಚಗಾಗುತ್ತದೆ.

ಅಜ್ಜ ನಮ್ಮ ಕಡೆ ನೋಡಲಿಲ್ಲ. ಕಂಡಕ್ಟರಿಗೆ ಒಂದೇ ಮಾತು ಹೇಳಿದರು.

"ಚೀಲದ ಲೆಕ್ಕ ನಿಂದು ತಮ್ಮಾ. ನೋಟಿನ ಲೆಕ್ಕ ನಂದು. ಇರ್ಲಿ ಬಿಡು."

ಐವತ್ತೆಂಟು ರೂಪಾಯಿಯನ್ನು ಮಡಚಿ, ಎಲೆ ಅಡಿಕೆ ಸಂಚಿಯೊಳಗೆ ಇಟ್ಟು, ಸಂಚಿಯ ದಾರ ಎಳೆದು, ಕಿಟಕಿಯ ಕಡೆ ಮುಖ ಮಾಡಿ ಕೂತರು.

ಕಂಡಕ್ಟರ್ ಮುಂದಿನ ಸ್ಟಾಪಿನಲ್ಲಿ ಇಬ್ಬರಿಗೆ ಟಿಕೆಟ್ ಕೊಟ್ಟರು. ರೈಟ್ ಹೇಳಿದರು. ಆಮೇಲೆ ಮತ್ತೆ ಸೀಟಿಗೆ ಬಂದು ಚೀಲ ತೆಗೆದರು. ಈ ಸಲ ಮೊತ್ತ ಎಣಿಸಲಿಲ್ಲ. ನೋಟುಗಳನ್ನು ಜಾತಿವಾರು ಬೇರೆ ಮಾಡಿದರು. ಹತ್ತರವು ಒಂದು ಕಡೆ, ಇಪ್ಪತ್ತರವು ಒಂದು ಕಡೆ, ಐವತ್ತು, ನೂರು. ಕೊನೆಗೆ ಕೈಯಲ್ಲಿ ಉಳಿದವು ಇನ್ನೂರರ ನೋಟು ಎರಡು. ಎರಡನ್ನೂ ಹಿಡಿದುಕೊಂಡು ಎದ್ದು ನಿಂತರು.

"ಯಾರ್ಯಾರು ಇನ್ನೂರರ ನೋಟು ಕೊಟ್ಟೀರಿ, ಕೈ ಎತ್ರಿ."

ಗೊಬ್ಬರದ ಅಂಗಡಿಯವರು ಒಬ್ಬರು ಕೈ ಎತ್ತಿದರು. ಅಜ್ಜ ಕಿಟಕಿಯಿಂದ ಮುಖ ತಿರುಗಿಸದೆಯೇ ಕೈ ಎತ್ತಿದರು. ಇನ್ಯಾರೂ ಎತ್ತಲಿಲ್ಲ.

ಅಂಗಡಿಯವರ ಟಿಕೆಟ್ ಹಿಂದೆ 158 ಬರೆದಿತ್ತು. ಸರಿ, ಅದು ಒಂದು ನೋಟು. ಹಾಗಾದರೆ ಎರಡನೆಯದು? ನಡುವೆ ಇಳಿದುಹೋದವರು ಕೊಟ್ಟಿರಬಹುದೇ? ಕಂಡಕ್ಟರ್ ತಮಗೆ ತಾವೇ ಹೇಳಿಕೊಂಡರು. "ಇಳದವ್ರು ಹತ್ತು ಹದಿನೈದರ ಮಂದಿ. ಅವ್ರು ಇನ್ನೂರು ಕೊಟ್ಟಿದ್ರ ವಾಪಸ್ ಕೊಡಾಕ ನನ್ನ ಹತ್ರ ಚಿಲ್ಲರನ ಇರಲಿಲ್ಲ. ಜಗಳಾನ ಆಗಿರ್ತಿತ್ತು." ಅಂದರೆ ಎರಡನೇ ನೋಟು ಕೊಟ್ಟವರು ಇನ್ನೂ ಬಸ್ಸಿನಲ್ಲೇ ಇದ್ದಾರೆ. ಯಾರಿಗೋ ಅವರು ಇನ್ನೂರರ ಲೆಕ್ಕದಲ್ಲಿ ಬಾಕಿ ಬರೆದಿದ್ದಾರೆ, ಆ ಯಾರೋ ಕೈ ಎತ್ತುತ್ತಿಲ್ಲ.

ಅವರು ಒಂದೊಂದೇ ಸೀಟಿನವರ ಟಿಕೆಟ್ ಇಸಿದುಕೊಂಡು ಹಿಂದೆ ತಿರುಗಿಸಿ ನೋಡುತ್ತ ಮುಂದೆ ಹೋದರು. ಬಾಕಿ ಬರೆಯದ ಟಿಕೆಟ್ಟುಗಳೇ ಹೆಚ್ಚು. ಒಂದರ ಹಿಂದೆ 8, ಒಂದರ ಹಿಂದೆ 30. ನಮ್ಮ ಗೆಳತಿಯ ಹತ್ತಿರ ನಿಂತರು. ಅವಳು ಮೂರೂ ಟಿಕೆಟ್ ಕೊಟ್ಟಳು. ಒಂದರ ಹಿಂದೆ 116 ಅಂತ ಬರೆದು ಅಡ್ಡಗೆರೆ ಎಳೆದಿತ್ತು.

"ತಂಗೀ, ನೀವು ಎಷ್ಟು ಕೊಟ್ಟಿದ್ರಿ?"

"ನನಗ ಗೊತ್ತಿಲ್ರಿ. ದುಡ್ಡು ಕೊಟ್ಟವ್ರು ಅವ್ರು. ನಾ ಚಿಲ್ಲರ ಇಸ್ಕೊಂಡೀನಿ ಅಷ್ಟ. ನೂರಾ ಹದಿನಾರು ಕೊಟ್ರಿ, ಬರದದ್ದೂ ನೂರಾ ಹದಿನಾರು."

ಕಂಡಕ್ಟರ್ ಹಿಂದೆ ತಿರುಗಿ ನಮ್ಮಿಬ್ಬರನ್ನು ನೋಡಿದರು. "ತಮ್ಮಾ, ನೀವು ಕೊಟ್ಟದ್ದು ಎಷ್ಟು?"

ದುಡ್ಡು ಕೊಟ್ಟವನು "ನೂರ್ರಿ" ಅಂದ. ಅಂದ ಮೇಲೆ ಅವನಿಗೇ ಕೇಳಿಸಿತು. ನೂರು ಕೊಟ್ಟು 84ರ ಟಿಕೆಟ್ ತೆಗೆದುಕೊಂಡರೆ ವಾಪಸ್ ಬರಬೇಕಾದದ್ದು 16. ನಮ್ಮ ಗೆಳತಿಯ ಪರ್ಸಿನಲ್ಲಿ ಇದ್ದದ್ದು 116.

ಬಸ್ಸು ಸುಮ್ಮನಾಯಿತು. ಗೆಳತಿ ಪರ್ಸು ತೆರೆದಳು. ನೂರರ ಒಂದು ನೋಟು ಮೇಲೆಯೇ ಇತ್ತು.

ನಾವು ಕದ್ದಿರಲಿಲ್ಲ. ಇದನ್ನು ಬರೆಯುವಾಗಲೂ ಮೊದಲು ಬರುವ ಮಾತು ಅದೇ, ಅದೇ ನಮಗೆ ಕಸಿವಿಸಿ. ಕೊಟ್ಟವನಿಗೆ ವಾಪಸ್ ಎಷ್ಟು ಬಂತು ಅಂತ ಗೊತ್ತಿರಲಿಲ್ಲ. ಇಸಿದುಕೊಂಡವಳಿಗೆ ಎಷ್ಟು ಕೊಟ್ಟಿದ್ದರು ಅಂತ ಗೊತ್ತಿರಲಿಲ್ಲ. ಒಬ್ಬೊಬ್ಬರನ್ನೇ ಕೇಳಿದರೆ ಯಾರದೂ ತಪ್ಪಿಲ್ಲ. ಮೂವರನ್ನು ಸೇರಿಸಿ "ನಾವು" ಅಂದ ಕೂಡಲೇ ಅಜ್ಜನ ನೂರು ರೂಪಾಯಿ ನಮ್ಮ ಹತ್ತಿರ ಇತ್ತು. ಅದನ್ನು ಇಟ್ಟುಕೊಂಡೇ ನಾವು ಅಜ್ಜನಿಗೆ ಲೆಕ್ಕ ಹೇಳಿಕೊಟ್ಟಿದ್ದೆವು.

ಕಂಡಕ್ಟರ್ ಆ ನೂರರ ನೋಟನ್ನು ಇಸಿದುಕೊಂಡು ಚೀಲಕ್ಕೆ ಹಾಕಲಿಲ್ಲ. ಎಲ್ಲರೂ ನೋಡುವ ಹಾಗೆ ಎತ್ತಿ ಹಿಡಿದುಕೊಂಡೇ ಅಜ್ಜನ ಸೀಟಿಗೆ ಹೋದರು. ಅಜ್ಜನ ಟಿಕೆಟ್ ಇಸಿದುಕೊಂಡು 58 ಅನ್ನುವುದರ ಮುಂದೆ ಒಂದು ಸೇರಿಸಿ 158 ಮಾಡಲಿಲ್ಲ. 58 ಪೂರ್ತಿ ಹೊಡೆದುಹಾಕಿ, ಕೆಳಗೆ ಬೇರೆಯಾಗಿ 158 ಬರೆದರು. ನಮ್ಮ ಟಿಕೆಟ್ ಹಿಂದಿನ 116 ಹೊಡೆದು 16 ಬರೆದರು. ಆಮೇಲೆ ನೋಟು ಕೊಟ್ಟರು.

"ತಪ್ಪು ನಂದ್ರಿ ಅಜ್ಜಾರ. ನಿಮ್ಮದಲ್ಲ. ಮಂದಿ ಮುಂದ ನಿಮಗ ಮರವು ಅಂತ ಅನಿಸಿದೆ."

ಅಜ್ಜ ನೋಟು ಇಸಿದುಕೊಂಡು, ಬೆಳಕಿಗೆ ಹಿಡಿದು ನೋಡಿ, ಸಂಚಿಯ ದಾರ ಬಿಚ್ಚಿ ಒಳಗಿನ ಐವತ್ತೆಂಟನ್ನೂ ಹೊರಗೆ ತೆಗೆದು, ಎಲ್ಲವನ್ನೂ ಸೇರಿಸಿ ಮತ್ತೆ ಮೊದಲಿನಿಂದ ಎಣಿಸಿದರು. ಒಂದು ಸಲ. ಆಮೇಲೆ ಎರಡನೇ ಸಲ. "ಈಗ ಬರೋಬರಿ" ಅಂದರು. ಅಷ್ಟೇ. ನಮ್ಮ ಕಡೆ ಒಮ್ಮೆ ನೋಡಿದರು. ನಮ್ಮಲ್ಲೊಬ್ಬ "ತಪ್ಪಾತ್ರಿ ಅಜ್ಜಾರ" ಅಂದ. ಅವರು "ನಿಮ್ಮ ದುಡ್ಡು ನೀವು ಎಣಿಸ್ಕೋಬೇಕಪಾ" ಅಂದರು. ಬೈಗುಳವಲ್ಲ, ಬುದ್ಧಿಮಾತೂ ಅಲ್ಲ. ಮೊಮ್ಮಕ್ಕಳಿಗೆ ಚಪ್ಪಲಿ ಹಾಕ್ಕೊಂಡು ಹೋಗಿ ಅಂತ ಹೇಳಿದ ಹಾಗಿತ್ತು.

ಹಾವೇರಿಯಲ್ಲಿ ಇಳಿದ ಮೇಲೆ ನಮಗೆ ಹಾಗೆಯೇ ಹೋಗಲು ಆಗಲಿಲ್ಲ. ಬಸ್ಸು ವಾಪಸ್ ಹೊರಡಲು ಇನ್ನೂ ಹೊತ್ತಿತ್ತು. ಕಂಡಕ್ಟರ್ ಸ್ಟ್ಯಾಂಡಿನ ಹೊರಗೆ ಚಹಾ ಕುಡಿಯುತ್ತಿದ್ದರು, ನಾವೂ ಹೋಗಿ ನಿಂತೆವು. ಚಹಾದ ದುಡ್ಡು ನಾವು ಕೊಡುತ್ತೇವೆ ಅಂದರೆ ಒಪ್ಪಲಿಲ್ಲ. ಮಾತಾಡಲು ಒಪ್ಪಿದರು.

ನಮಗೆ ತಿಳಿಯದ ವಿಷಯ ಒಂದಿತ್ತು. ಇನ್ನೂರರ ನೋಟು ಹಳದಿ, ನೂರರದು ನೇರಳೆ. ಇಷ್ಟು ವರ್ಷ ದುಡ್ಡು ಮುಟ್ಟಿದವರಿಗೆ ಇದರಲ್ಲಿ ಅದಲು ಬದಲು ಹೇಗಾಗುತ್ತದೆ?

"ನೋಟು ತಪ್ಪು ನೋಡಿಲ್ಲ ನಾ" ಅಂದರು ಅವರು. "ಒಂದು ಇನ್ನೂರು, ಒಂದು ನೂರು ಅಂತ ಗೊತ್ತಿತ್ತು. ಯಾರದು ಯಾವುದು ಅನ್ನೋದು ತಪ್ಪಿತು. ಎರಡನ್ನೂ ಒಂದ ಕೈಯಾಗ ಹಿಡದೆ. ಮಷೀನ್ ಒತ್ತೋದರಾಗ ಯಾರು ಯಾವುದು ಕೊಟ್ರು ಅನ್ನೋದು ಹೋತು. ಆಗ ಮನಸ್ಸು ತಾನ ಹಂಚಿ ಬಿಡ್ತು. ಪ್ಯಾಂಟಿನ ಹುಡುಗ್ರು, ಎರಡು ಟಿಕೆಟ್, ಅವರ್ದು ಇನ್ನೂರು ಇರಬೇಕು. ಧೋತರದ ಅಜ್ಜ, ಒಂದು ಟಿಕೆಟ್, ಅವರ್ದು ನೂರು ಇರಬೇಕು. ನಾ ವಿಚಾರ ಮಾಡಿ ಹಂಚಿದ್ದಲ್ಲ. ಅದಕ್ಕ ನನಗ ಗೊತ್ತೂ ಆಗಲಿಲ್ಲ."

ಈ ಮಾತು ನಮಗೆ ಆ ಲೆಕ್ಕಕ್ಕಿಂತ ಹೆಚ್ಚು ನಾಟಿತು. ತಪ್ಪು ಎಣಿಕೆಯಲ್ಲಿ ಆಗಿರಲಿಲ್ಲ, ಮುಖ ನೋಡಿದ್ದರಲ್ಲಿ ಆಗಿತ್ತು. ಆಮೇಲೆ ಅಜ್ಜ ದೂರು ಹೇಳಿದಾಗ ಬಸ್ಸಿನ ಮಂದಿ, ನಾವೂ ಸೇರಿ, ಅದೇ ಮುಖ ನೋಡಿ "ಮರವು" ಅಂದೆವು.

ಇನ್ನೊಂದು ಪ್ರಶ್ನೆ ಕೇಳಿದೆವು. ಚೀಲ ತಾಳೆಯಾದ ಮೇಲೂ ಮತ್ತೆ ಯಾಕೆ ಎಣಿಸಿದಿರಿ? ಅಲ್ಲಿಗೆ ನಿಮ್ಮ ಮೇಲಿನ ಮಾತು ಮುಗಿದಿತ್ತಲ್ಲ?

ಅವರು ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತ ನಿಂತರು. "ಚೀಲ ತಾಳೆ ಆದ್ರ ಡಿಪೋದ ದುಡ್ಡು ಸರಿ ಐತಿ ಅಂತ ಅಷ್ಟ ಅರ್ಥ. ಒಬ್ಬರದು ನೂರು ಕಮ್ಮಿ ಕೊಟ್ಟು ಇನ್ನೊಬ್ಬರಿಗೆ ನೂರು ಹೆಚ್ಚು ಕೊಟ್ರೂ ಚೀಲ ತಾಳೆನ ಆಗ್ತದ. ಅದು ನನಗ ಮೊದಲ ಹೊಳೀಬೇಕಿತ್ತು. ಎಣಿಸಿ ಸರಿ ಬಂದ ಕೂಡಲೇ ನಾ ಪಾರಾದೆ ಅನ್ನಿಸಿ ಬಿಡ್ತು. ಆಮ್ಯಾಲ ಅಜ್ಜ ಸುಮ್ಮನ ಕುಂತದ್ದು ನೋಡಿದೆ. ಸುಳ್ಳು ಹೇಳಾವ್ರು ಹಂಗ ಸುಮ್ಮನ ಕೂಡೂದಿಲ್ರಿ, ಒದರ್ತಾರ."

ತಮ್ಮ ಸ್ವಂತ ಇನ್ನೂರರಲ್ಲಿ ನೂರು ಕೊಟ್ಟು ಮುಗಿಸಬಹುದಿತ್ತಲ್ಲ ಅಂತಲೂ ಕೇಳಿದೆವು. ಎಷ್ಟೋ ಕಂಡಕ್ಟರುಗಳು ಹಾಗೇ ಮಾಡುತ್ತಾರಂತೆ. ತಾವೂ ಹಿಂದೆ ಮಾಡಿದ್ದುಂಟಂತೆ. "ಅದರಾಗ ದಂಡ ನಂದು, ಅದು ಹೋಗ್ಲಿ. ಆದ್ರ ನಾ ಧರ್ಮಕ್ಕ ಕೊಟ್ಟಂಗ ಆಗ್ತದ. ಅಜ್ಜನ ದುಡ್ಡು ಅಜ್ಜಗ ಕೊಟ್ಟಂಗ ಆಗೂದಿಲ್ಲ. ಮಂದಿ ಕಣ್ಣಾಗ ಅಜ್ಜ ಸುಳ್ಳುಗಾರನ ಉಳೀತಾರ. ಅವರೂ ಇಸ್ಕೋತಿರಲಿಲ್ಲ ಅನ್ನಸ್ತದ."

ಈ ಸಲ ತಪ್ಪು ಸಿಕ್ಕಿದ್ದಕ್ಕೆ ಅವರು ಕೊಟ್ಟ ಕಾರಣ ಬಹಳ ಸಾದಾ. ಬಸ್ಸಿನಲ್ಲಿ ಮೂರೂ ಕಡೆಯವರು ಇನ್ನೂ ಇದ್ದರು. ಇನ್ನೂರರ ನೋಟು ಎರಡೇ ಇದ್ದವು. ಹತ್ತು ನೋಟಿದ್ದರೆ, ಅಥವಾ ನಾವು ನಡುವೆ ಇಳಿದು ಹೋಗಿದ್ದರೆ, ಎಷ್ಟು ಸಲ ಎಣಿಸಿದರೂ ಸಿಗುತ್ತಿರಲಿಲ್ಲ. ಮಷೀನಿಗೆ ಟಿಕೆಟ್ ಎಷ್ಟರದು ಅಂತ ಗೊತ್ತು. ಪ್ರಯಾಣಿಕ ಯಾವ ನೋಟು ಕೊಟ್ಟ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಸಾಕ್ಷಿ ಟಿಕೆಟ್ ಹಿಂದಿನ ಆ ಒಂದು ಅಂಕಿ. ಅದನ್ನೇ ತಪ್ಪು ಬರೆದರೆ ಸಾಕ್ಷಿಯೇ ಸುಳ್ಳಾಗುತ್ತದೆ.

ಅಜ್ಜ ಹೇಳಿದ್ದೂ ಇದನ್ನೇ. ಬರೆದವನು ನೀನೇ ಅಲ್ಲವೇನೋ ತಮ್ಮಾ ಅಂತ. ಆಗ ನಮಗೆ ಅದು ಮೊಂಡುವಾದದ ಹಾಗೆ ಕೇಳಿಸಿತ್ತು.

ಆ ಕಂಡಕ್ಟರ್ ಬಸ್ಸಿನಲ್ಲಿ ಆಮೇಲೆ ನಾವು ಎಷ್ಟೋ ಸಲ ಹೋಗಿದ್ದೇವೆ. ಅವರು ಈಗ ಬಾಕಿ ಬರೆಯುವಾಗ ಒಂದರ ಬದಲು ಎರಡು ಅಂಕಿ ಬರೆಯುತ್ತಾರೆ. ಮೊದಲು ಕೊಟ್ಟ ನೋಟು, ಆಮೇಲೆ ಬಾಕಿ. 200, 158. ಬರೆಯುವಾಗ ಜೋರಾಗಿ ಹೇಳುತ್ತಾರೆ, "ಇನ್ನೂರು ಕೊಟ್ಟೀರಿ, ನೂರಾ ಐವತ್ತೆಂಟು ಬಾಕಿ." ನೋಟು ಚೀಲಕ್ಕೆ ಹೋಗುವುದು ಆಮೇಲೆ. ಹಿಂದಿನಿಂದ ಇನ್ನೊಂದು ಕೈ ನೋಟು ಚಾಚಿದರೆ ಮುಟ್ಟುವುದಿಲ್ಲ. "ಇರ್ರಿ, ಇವರ್ದು ಮುಗೀಲಿ" ಅನ್ನುತ್ತಾರೆ. ಇದರಿಂದ ಒಂದು ಸ್ಟಾಪಿಗೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಗದ್ದಲ ಹೆಚ್ಚಿದ್ದ ದಿನ ಮಂದಿ ಬೈಯುತ್ತಾರೆ, ಡ್ರೈವರ್ ಹಾರ್ನ್ ಹೊಡೆಯುತ್ತಾರೆ.

ನಾವೂ ಎರಡು ಬದಲು ಮಾಡಿಕೊಂಡಿದ್ದೇವೆ. ದುಡ್ಡು ಕೊಟ್ಟವರೇ ಟಿಕೆಟ್ ಇಟ್ಟುಕೊಳ್ಳುತ್ತೇವೆ, ಚಿಲ್ಲರೆಯನ್ನೂ ಅವರೇ ಇಸಿದುಕೊಳ್ಳುತ್ತೇವೆ. ಟಿಕೆಟ್ ಕೈಗೆ ಬಂದ ಕೂಡಲೇ ತಿರುಗಿಸಿ ನೋಡುತ್ತೇವೆ, ಅಂಕಿ ತಪ್ಪಿದ್ದರೆ ಅಲ್ಲೇ ಹೇಳುತ್ತೇವೆ. ಆ ಹೊತ್ತಿನಲ್ಲಿ ನೋಟು ಇನ್ನೂ ಕಂಡಕ್ಟರ್ ಬೆರಳ ಸಂದಿಯಲ್ಲೇ ಇರುತ್ತದೆ, ಎಲ್ಲರಿಗೂ ನೆನಪಿರುತ್ತದೆ. ಹತ್ತು ಕಿಲೋಮೀಟರ್ ಹೋದ ಮೇಲೆ ಅದು ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಆಗುತ್ತದೆ. ದುಡ್ಡು ಡಿಪೋದಲ್ಲಿ ಕಟ್ಟಿದ ಮೇಲಂತೂ ಕಂಡಕ್ಟರ್ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಹೆಚ್ಚು ಬಂದಾಗಲೂ ಎಣಿಸಿ ನೋಡಬೇಕು ಅನ್ನುವುದು ಈಗ ಹೇಳಲು ಸುಲಭ. ಕಡಿಮೆ ಬಂದರೆ ನಮ್ಮ ಕೈ ತಾನಾಗಿ ಎಣಿಸುತ್ತದೆ. ಹೆಚ್ಚು ಬಂದದ್ದು ಪರ್ಸಿನಲ್ಲಿ ಸುಮ್ಮನೆ ಕೂತಿರುತ್ತದೆ. ಅವತ್ತು ಆ ನೋಟು ಪರ್ಸಿನಲ್ಲಿ ಇಪ್ಪತ್ತು ನಿಮಿಷ ಕೂತಿತ್ತು, ಅಷ್ಟು ಹೊತ್ತೂ ಅದು ಒಬ್ಬ ಅಜ್ಜನ ಮಾತನ್ನು ಸುಳ್ಳು ಮಾಡುತ್ತಿತ್ತು.

ಮಧ್ಯಾಹ್ನ ಅದೇ ಬಸ್ಸಿಗೆ ಅಜ್ಜ ವಾಪಸ್ ಬಂದರು. ನಾವೂ ಬಂದೆವು. ಅವರ ಕೈಯಲ್ಲಿ ಔಷಧದ ಸಣ್ಣ ಪೊಟ್ಟಣ ಇತ್ತು. ಕಂಡಕ್ಟರ್ ಹತ್ತಿರ ಬಂದಾಗ ಅಜ್ಜ ಮೊದಲೇ ಎಣಿಸಿಟ್ಟುಕೊಂಡಿದ್ದ ದುಡ್ಡು ಕೊಟ್ಟರು. ನಲವತ್ತೆರಡು ರೂಪಾಯಿ, ಸರಿಯಾಗಿ.

"ಬಾಕಿ ಇಲ್ಲ ತಮ್ಮಾ" ಅಂದರು.